ಹನ್ನೆರಡರ ಮೇಲೆ ಸಿಗುತ್ತೇನೆ

ಕಿವಿಯೊಳಗೆ ಮೊದಲು ಒಂದು ಟಿಂಗ್. ಅದರ ಬೆನ್ನಿಗೇ ಗಂಟೆ, ಲಿಫ್ಟಿನೊಳಗಿನ ಅಪಾಯದ ಗಂಟೆ. ಯಾರೋ ಗುಂಡಿಯನ್ನು ಒತ್ತಿ ಹಿಡಿದವರು ಬೆರಳು ತೆಗೆಯಲು ಮರೆತಿದ್ದಾರೆ. ಆ ಗದ್ದಲದ ಹಿಂದೆ ಒಬ್ಬ ಗಂಡಸಿನ ಏದುಸಿರು.

“ಗುಂಡಿಯಿಂದ ಕೈ ತೆಗೀರಿ ಸರ್. ನಿಮ್ಮ ಮಾತು ನನಗೆ ಕೇಳಿಸ್ತಿದೆ,” ಎಂದಳು ಅವಳು.

ಗಂಟೆ ನಿಂತಿತು.

“ಬಾಗಿಲು ತೆಗೀತಿಲ್ಲ. ಎರಡು ಮಹಡಿ ನಡುವೆ ಎಲ್ಲೋ ನಿಂತ್ಬಿಟ್ಟಿದೆ. ಗಾಳಿನೇ ಇಲ್ಲಮ್ಮ ಇಲ್ಲಿ!”

“ಗಾಳಿ ಬರುತ್ತೆ ಸರ್, ಅದಕ್ಕೆ ಸಂದಿ ಬಿಟ್ಟೇ ಲಿಫ್ಟ್ ಮಾಡಿರ್ತಾರೆ. ಬಾಗಿಲನ್ನ ಮಾತ್ರ ಎಳೀಬೇಡಿ. ಮೆಕ್ಯಾನಿಕ್ ಹೊರಟಾಗಿದೆ. ಅವರು ಬರೋವರೆಗೂ ನಾನು ಎಲ್ಲೂ ಹೋಗಲ್ಲ. ಲೈನಲ್ಲೇ ಇರಿ.”

“ನನಗೆ ಮೀಟಿಂಗ್ ಇದೆ.”

“ಮೀಟಿಂಗ್ ತಪ್ಪಿಸೋಕೆ ಇದಕ್ಕಿಂತ ಒಳ್ಳೆ ಕಾರಣ ಯಾರಿಗೆ ಸಿಗುತ್ತೆ ಹೇಳಿ ಸರ್?”

ಆ ಕಡೆಯಿಂದ ಒಂದು ನಗು ಬಂತು, ಬೇಡಬೇಡವೆಂದುಕೊಂಡೇ ಬಂದ ನಗು. ಇನ್ನು ಭಯವಿಲ್ಲ ಎಂದು ಅವಳಿಗೆ ಗೊತ್ತಾಯಿತು. ಮೆಕ್ಯಾನಿಕ್ ತಲುಪುವವರೆಗೆ ಆತ ತನ್ನ ಮಗಳ ಓದು, ತನ್ನ ಬೆನ್ನುನೋವು, ಮೇಲಿನ ಮನೆಯವರ ನಾಯಿ, ಎಲ್ಲವನ್ನೂ ಹೇಳಿಕೊಂಡ. ಬಾಗಿಲು ತೆರೆದ ಸದ್ದಾದೊಡನೆ ಒಂದು ಮಾತೂ ಹೇಳದೆ ಓಡಿದ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಹೊರಗೆ ಬಂದವರು ಯಾರೂ ತಿರುಗಿ ನೋಡುವುದಿಲ್ಲ.

ಲಿಫ್ಟ್ ರಿಪೇರಿ ಕಂಪನಿಯ ಕರೆ ವಿಭಾಗ ಅದು. ಕಿಟಕಿಯಿಲ್ಲದ ಕೋಣೆ, ಎರಡು ಸಾಲು ಮೇಜು, ಗೋಡೆಯ ತುಂಬ ದೊಡ್ಡ ಪರದೆ. ಪರದೆಯ ಮೇಲೆ ಯಾವ ಕಟ್ಟಡದ ಯಾವ ಲಿಫ್ಟ್ ನಿಂತಿದೆ, ಯಾವ ಮೆಕ್ಯಾನಿಕ್ ಎಲ್ಲಿದ್ದಾನೆ ಎಂದು ತೋರಿಸುವ ಬಣ್ಣದ ಚುಕ್ಕಿಗಳು. ಬೆಳಗಿನ ಪಾಳಿಗೆ ಅವಳೇ ಹಿರಿಯಳು. ಎಂಟಕ್ಕೆ ಶುರುವಾಗುವ ಪಾಳಿಯಲ್ಲಿ ಮೊದಲ ಮೂರು ಗಂಟೆ ಉಸಿರಾಡಲು ಬಿಡುವಿರುವುದಿಲ್ಲ. ಊರಿಗೆ ಊರೇ ಕೆಲಸಕ್ಕೆ ಹೊರಟಿರುತ್ತದೆ, ಲಿಫ್ಟುಗಳು ಮುನಿಸಿಕೊಳ್ಳುವುದೂ ಆಗಲೇ. ಕಿರಿಯರಿಂದ ಆಗದ ಕರೆಗಳು ಅವಳ ಮೇಜಿಗೆ ಬರುತ್ತವೆ. ಅಳುವವರು, ಬೈಯುವವರು, ಬಾಗಿಲು ಒದೆಯುವವರು.

“ನಿನ್ನ ಗಂಟಲಲ್ಲಿ ಏನಿಟ್ಕೊಂಡಿದ್ದೀಯೇ ನೀನು?” ಎಂದು ಮೈಕಕ್ಕ ಆಗಾಗ ಕೇಳುವುದುಂಟು. ಮೈಕಕ್ಕ ಮಧ್ಯಾಹ್ನದ ಪಾಳಿಯ ಹಿರಿಯಳು. ಗುಟ್ಟು ಹೇಳಿದರೂ ಮೂರು ಮೇಜಿಗೆ ಕೇಳಿಸುತ್ತಿದ್ದುದರಿಂದ ಆ ಹೆಸರು.

“ಇದು ನನ್ನದಲ್ಲ ಮೈಕಕ್ಕ. ನಮ್ಮತ್ತೆಯಿಂದ ಕಡ ತಂದದ್ದು.”

ಹಾಸ್ಯಕ್ಕೆ ಹೇಳುತ್ತಿದ್ದಳಾದರೂ ಅದು ನಿಜವೇ. ಆರು ವರ್ಷದವಳಿದ್ದಾಗ ಅಮ್ಮ ತೀರಿಕೊಂಡಳು. ಅಪ್ಪನದು ಊರೂರು ಸುತ್ತುವ ಕೆಲಸ. ಸೋದರತ್ತೆಯ ಮನೆಗೆ ಬಂದವಳು ಮದುವೆಯಾಗುವವರೆಗೂ ಅಲ್ಲೇ ಬೆಳೆದಳು. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ದಿನಾ ಶಾಲೆ ಬಿಟ್ಟ ಮೇಲೆ ಹುಡುಗಿ ನೇರ ಎಕ್ಸ್‌ಚೇಂಜಿಗೆ ಹೋಗಿ ಗೋಡೆ ಪಕ್ಕದ ಬೆಂಚಿನ ಮೇಲೆ ಕೂರಬೇಕು. ತೂತುಗಳ ದೊಡ್ಡ ಹಲಗೆ, ಅದರಲ್ಲಿ ಮಿನುಗುವ ಪುಟ್ಟ ದೀಪಗಳು, ಅತ್ತೆಯ ಕೈಯಲ್ಲಿ ಹಾವಿನಂತೆ ಓಡಾಡುವ ತಂತಿಗಳು. “ಲೈನಲ್ಲೇ ಇರಿ. ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ? ಲೈನಲ್ಲೇ ಇರಿ.” ಅಲ್ಲಿ ಒಂದು ಕಟ್ಟುಪಾಡು ಇತ್ತು: ಕಿವಿಗೆ ಹೆಡ್‌ಸೆಟ್ ಇರುವ ಆಪರೇಟರನ್ನು ಯಾರೂ ಮಾತಾಡಿಸಬಾರದು. ಹಸಿವಾದರೂ ಅಷ್ಟೆ, ಬೆಂಚಿನಿಂದ ಬಿದ್ದರೂ ಅಷ್ಟೆ. ಹುಡುಗಿ ಲೆಕ್ಕ ಮಾಡುತ್ತ, ಪೆನ್ಸಿಲ್ ಕಚ್ಚುತ್ತ ಕಾಯುತ್ತಿದ್ದಳು. ಪಾಳಿ ಮುಗಿದು ಹೆಡ್‌ಸೆಟ್ ತೆಗೆದು ಕೊಕ್ಕೆಗೆ ಹಾಕಿದೊಡನೆ ಅತ್ತೆ ಇತ್ತ ತಿರುಗಿ ಕರೆಯುತ್ತಿದ್ದಳು:

“ಗುಬ್ಬೀ!”

ಅದು ಎಕ್ಸ್‌ಚೇಂಜಿನ ಧ್ವನಿಯಲ್ಲ. ಕೊನೆಯ ಅಕ್ಷರದ ಹತ್ತಿರ ಸ್ವಲ್ಪ ಮೇಲಕ್ಕೆ ಹತ್ತಿ, ಅಲ್ಲೊಂದು ಗಳಿಗೆ ನಿಂತು ನೋಡುವ ಧ್ವನಿ. ದಿನವಿಡೀ ಊರಿನವರೆಲ್ಲರಿಗೂ ಹಂಚಿದ ಮೇಲೂ ಬೆಂಚಿನ ಮೇಲಿನವಳಿಗೆಂದೇ ಉಳಿಸಿಕೊಂಡದ್ದು.

ಅಂದು ಬೆಳಗ್ಗೆ ಪಾಳಿಗೆ ಹೊರಡುವ ಮುಂಚೆ ಮಾವ ಫೋನ್ ಮಾಡಿದ್ದರು. ಅತ್ತೆಯ ಗಂಡ, ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಯಾವ ಸುದ್ದಿಯನ್ನೂ ಅವರು ಸುತ್ತಿ ಬಳಸಿ ಹೇಳಿದವರಲ್ಲ.

“ದಿನ ಗೊತ್ತು ಮಾಡಿದ್ರಮ್ಮ. ಬರೋ ವಾರ ಬಿಟ್ಟು ಅದರ ಮುಂದಿನ ಸೋಮವಾರ ಆಪರೇಷನ್.”

ಗಂಟಲಲ್ಲಿ ಗಡ್ಡೆ ಇರುವುದು ತಿಂಗಳ ಹಿಂದೆ ಗೊತ್ತಾಗಿತ್ತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವಕ್ಕೆ ಭಯವಿಲ್ಲ ಎಂದಿದ್ದರು ಡಾಕ್ಟರು. ಆಮೇಲೆ ಅಭ್ಯಾಸ ಮಾಡಿ ಬೇರೆ ಬಗೆಯಲ್ಲಿ ಮಾತಾಡಲು ಕಲಿಯಬಹುದು, ಎಷ್ಟೋ ಜನ ಕಲಿತಿದ್ದಾರೆ, ಎಂದೂ ಹೇಳಿದ್ದರು. ಆದರೆ ಅದು ಬೇರೆ ಧ್ವನಿ.

ಮಾವನ ಕೈಯಿಂದ ಫೋನ್ ಅತ್ತೆಯ ಕೈಗೆ ಹೋಯಿತು. “ಬರೋದಾದ್ರೆ ಮುಂಚೇನೇ ಬಾ ಕಣೇ,” ಎಂದಳು ಅತ್ತೆ. ಒಣಗಿದ ಎಲೆ ಮೆಟ್ಟಿದ ಹಾಗಿತ್ತು ಮಾತು. “ಆಮೇಲೆ ಬಂದ್ರೆ ನಾನು ಕೈಸನ್ನೆ ಮಾಡ್ಕೊಂಡು ಕೂತಿರ್ತೀನಿ. ನಿನಗೆ ನಗು ತಡೆಯೋಕಾಗಲ್ಲ.”

ರಜೆ ಹಾಕುವಂತಿರಲಿಲ್ಲ. ವರ್ಷದ ಮೊದಲಿಗೇ ಗಂಡನ ಕಾಲು ಮುರಿದು ಅರ್ಧ ರಜೆ ಹೋಗಿತ್ತು. ಉಳಿದದ್ದು ಆಪರೇಷನ್ನಿನ ನಂತರ ಬೇಕು. ಆಗ ಆಸ್ಪತ್ರೆಯಲ್ಲಿ ಹಗಲಿಡೀ ಒಬ್ಬರು ಇರಲೇಬೇಕಿತ್ತು, ಮಾವನಿಗೂ ವಯಸ್ಸಾಗಿತ್ತು. ಉಳಿದ ದಾರಿ ಒಂದೇ: ಲ್ಯಾಪ್‌ಟಾಪ್, ಹೆಡ್‌ಸೆಟ್ ಎತ್ತಿಕೊಂಡು ಹೋಗಿ ಅಲ್ಲಿಂದಲೇ ಕೆಲಸ ಮಾಡುವುದು. ಪಾಳಿಯ ಹಿರಿಯರಿಗೆ ಕಂಪನಿ ಅದಕ್ಕೆ ಅವಕಾಶ ಕೊಟ್ಟಿತ್ತು. ಮ್ಯಾನೇಜರಿಗೆ ಮುಂಚಿತವಾಗಿ ಹೇಳಬೇಕು, ಅಷ್ಟೆ.

ಮ್ಯಾನೇಜರನ್ನು ಬೆನ್ನ ಹಿಂದೆ ಎಲ್ಲರೂ ಕರೆಯುತ್ತಿದ್ದದ್ದು ‘ಇನ್ನೊಂದ್ನಿಮಿಷ’ ಎಂದು. ಒಳ್ಳೆಯ ಮನುಷ್ಯ, ಸಿಡುಕಿದವರಲ್ಲ. ಆದರೆ ಯಾವ ಮಾತನ್ನೂ ಮುಗಿಸಲು ಅವರಿಗೆ ಬರುತ್ತಿರಲಿಲ್ಲ. ಎದ್ದು ಬಾಗಿಲವರೆಗೆ ಬಂದವರನ್ನು “ಇನ್ನೊಂದ್ ನಿಮಿಷ” ಎಂದು ಮತ್ತೆ ಕೂರಿಸುತ್ತಿದ್ದರು.

“ಎಲ್ಲಿಂದ, ಯಾವತ್ತಿಂದ ಯಾವತ್ತಿನವರೆಗೆ?” ಎಂದು ಕೇಳಿದರು.

“ಅತ್ತೆ ಊರಿಂದ ಸರ್. ಸೋಮವಾರದಿಂದ ಶನಿವಾರದವರೆಗೆ. ಮನೇಲಿ ಕೆಲಸ ಇದೆ.”

“ನೆಟ್ ಹೇಗಿದೆ?”

“ಚೆನ್ನಾಗಿದೆ. ಕರೆಂಟ್ ಹೋದ್ರೆ ನನ್ನ ಫೋನಿಂದ ನಡೆಸ್ತೀನಿ. ಭಾನುವಾರ ಸಂಜೆ ತಲುಪಿ ಒಂದು ಸಲ ಕರೆ ಮಾಡಿ ನೋಡ್ತೀನಿ.”

“ಯಾವ ಹೊತ್ತಲ್ಲಿ ಸಿಗ್ತೀರಿ?”

“ಎಂದಿನ ಹಾಗೇ ಸರ್. ಎಂಟರಿಂದ ಐದು.”

ಅವರು ಪೆನ್ನನ್ನು ಮೇಜಿನ ಮೇಲೆ ಉರುಳಿಸಿದರು. “ಅಲ್ಲ, ಸಂಬಂಧಿಕರ ಮನೆ ಅಂದ್ರೆ ಏನಾದ್ರೂ ಇರುತ್ತೆ. ನೀವು ಸಿಗದೇ ಇರೋ ಹೊತ್ತು ಯಾವುದು? ಈಗ್ಲೇ ಹೇಳಿದ್ರೆ ಬೇರೆಯವರನ್ನ ಹಾಕ್ಬಹುದು.”

ಆ ಪ್ರಶ್ನೆಗೆ ಅವಳು ಯಾಕೋ ನಾಚಿದಳು. ಹದಿನೆಂಟು ವರ್ಷ ಎಲ್ಲರಿಗೂ ‘ನಾನು ಇಲ್ಲೇ ಇದ್ದೀನಿ’ ಎಂದುಕೊಂಡು ಬಂದವಳು. ಸಿಗದ ಹೊತ್ತು ಎಂದು ಒಂದನ್ನು ಎತ್ತಿ ತೋರಿಸುವುದು ಅವಳಿಗೆ ಸೆರಗು ಜಾರಿದಷ್ಟೇ ಸಂಕೋಚದ ವಿಷಯವಾಗಿ ಕಂಡಿತು.

“ಹಾಗೇನಿಲ್ಲ ಸರ್. ನಾನು ಇಲ್ಲಿಲ್ಲ ಅಂತ ನಿಮಗೆ ಗೊತ್ತೇ ಆಗಲ್ಲ.”

“ಒಳ್ಳೇದಾಯ್ತು. ಹಾಗಾದ್ರೆ ಪಾಳಿ ಬದಲಾಯಿಸೋದೇ ಬೇಡ. ಇನ್ನೊಂದ್ ನಿಮಿಷ, ಆ ಹೊಸ ಹುಡುಗಿ ವಿಷಯ…”

ಹೊರಗೆ ಬಂದಾಗ ಮೈಕಕ್ಕ ಊಟದ ಡಬ್ಬಿ ತೊಳೆಯುತ್ತಿದ್ದಳು. ವಿಷಯ ಕೇಳಿ ಹುಬ್ಬೇರಿಸಿದಳು. “ಇಡೀ ಹಗಲು ಹೆಡ್‌ಸೆಟ್ ಹಾಕ್ಕೊಂಡು ಕೂರೋಕೆ ಅಷ್ಟು ದೂರ ಹೋಗ್ಬೇಕಾ? ಇಲ್ಲೇ ಕೂತ್ಕೋಬಹುದಲ್ಲ?”

“ಸಂಜೆಯೆಲ್ಲಾ ನನ್ನದೇ ಅಲ್ವಾ ಮೈಕಕ್ಕ.”

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಆ ಸಂಜೆಗಳನ್ನೇ ಹರಡಿಕೊಂಡು ನೋಡಿದಳು. ಅತ್ತೆಗೆ ಏನು ಹೇಳಿಸಬೇಕು ಎಂದು ಯೋಚಿಸಿದಳು. ದೊಡ್ಡ ಮಾತೇನೂ ಬೇಕಿರಲಿಲ್ಲ. ಬೈಸಿಕೊಳ್ಳಬೇಕಿತ್ತು. ಅಮ್ಮ ಹೇಗೆ ನಗುತ್ತಿದ್ದಳು ಎಂದು ಮತ್ತೊಮ್ಮೆ ಕೇಳಬೇಕಿತ್ತು. ಎಲ್ಲಕ್ಕಿಂತ ಮೊದಲು, ಬಾಗಿಲು ದಾಟುವಾಗ ಒಳಗಿನಿಂದ ಆ ಹೆಸರು ಬರಬೇಕಿತ್ತು.

ಬರಲಿಲ್ಲ. ಭಾನುವಾರ ಸಂಜೆ ತಲುಪಿದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದಳು. ಎರಡೂ ಕೈಯಲ್ಲಿ ಅವಳ ಮುಖ ಹಿಡಿದುಕೊಂಡಳು. ತುಟಿ ಅಲುಗಿತು. ಗಾಳಿ ಮಾತ್ರ ಬಂತು.

“ಸಂಜೆ ಹೊತ್ತಿಗೆ ಗಾಡಿ ಡಿಪೋಗೆ ಹೋಗಿಬಿಡುತ್ತೆ,” ಎಂದರು ಮಾವ ಹಿಂದಿನಿಂದ. “ಬೆಳಗ್ಗೆ ಹೊರಡುತ್ತೆ, ಬಿಡು.”

ಮನೆ ಒಂದು ಅಂಗಡಿಯ ಮೇಲಿನ ಮಹಡಿ. ಎರಡು ಕೋಣೆ, ಅಡುಗೆಮನೆ, ಬೀದಿಗೆ ಮುಖ ಮಾಡಿದ ಉದ್ದನೆಯ ಜಗಲಿ, ಅದರ ತುದಿಯಲ್ಲಿ ಕೆಳಗಿಳಿಯುವ ಮೆಟ್ಟಿಲು. ಅತ್ತೆ ಅವಳಿಗೆಂದು ಕಿಟಕಿ ಪಕ್ಕದ ಮೇಜನ್ನು ಒರೆಸಿ, ಒಂದು ಕಾಲಿನ ಕೆಳಗೆ ಮಡಿಸಿದ ಕಾಗದ ಇಟ್ಟು ಅಲುಗದಂತೆ ಮಾಡಿದ್ದಳು. ಕುರ್ಚಿಯ ಮೇಲೆ ದಿಂಬು. ಆಪರೇಟರಿನ ಬೆನ್ನು ಎಲ್ಲಿ ನೋಯುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಸೋಮವಾರ ಎಂಟಕ್ಕೆ ಮುಂಚೆಯೇ ಕರೆಗಳು ಶುರುವಾದವು. ಅತ್ತೆ ಬಟಾಣಿ ಬುಟ್ಟಿ ತಂದು ಎದುರಿಗೆ ಕೂತಳು. ಒಂದೊಂದೇ ಸಿಪ್ಪೆ ಸುಲಿಯುತ್ತ, ಇವಳ ಬಾಯಿಯನ್ನೇ ನೋಡುತ್ತಿದ್ದಳು. “ಲೈನಲ್ಲೇ ಇರಿ” ಎಂದಾಗ ಒಮ್ಮೆ ನಕ್ಕಳು. ಹೊತ್ತೇರಿತು. ಕರೆಗಳ ನಡುವೆ ಇವಳು ಹೆಡ್‌ಸೆಟ್ಟಿನ ಒಂದು ಬದಿ ಸರಿಸಿ “ಏನತ್ತೆ?” ಎನ್ನುವಷ್ಟರಲ್ಲಿ ಮತ್ತೆ ಟಿಂಗ್. ಅತ್ತೆ ಕೈಯಾಡಿಸಿ, ನೋಡಿಕೋ, ನೋಡಿಕೋ ಎನ್ನುತ್ತಿದ್ದಳು. ಮಧ್ಯಾಹ್ನ ಅವಳು ಊಟಕ್ಕೆ ಎದ್ದಾಗ ಅತ್ತೆಯ ಗಂಟಲಲ್ಲಿ ಗಾಳಿಯಷ್ಟೇ ಉಳಿದಿತ್ತು. ಸಂಜೆ ಮೂವರೂ ಜಗಲಿಯಲ್ಲಿ ಕೂತು ಬೀದಿ ನೋಡಿದರು. ಮಾವನೇ ಇಬ್ಬರ ಪಾಲಿನ ಮಾತನ್ನೂ ಆಡಿದರು.

ಮಂಗಳವಾರ ಬುಟ್ಟಿಯಲ್ಲಿ ಬೀನ್ಸ್ ಇತ್ತು. ಉಳಿದದ್ದೆಲ್ಲ ಹಾಗೆಯೇ.

ಬುಧವಾರ ಪಾಳಿ ಮುಗಿಯುವ ಹೊತ್ತಿಗೆ ಅತ್ತೆ ಮಲಗಿದ್ದಳು. ಅವಳು ಅಡುಗೆಮನೆಗೆ ನೀರು ಕುಡಿಯಲು ಹೋದಾಗ ಮಾವ ಪಾತ್ರೆ ಒರೆಸುತ್ತ ನಿಂತಿದ್ದರು.

“ಮಾವ, ಅತ್ತೆ ಬೆಳಗ್ಗೆನೂ ಮಾತಾಡ್ತಿಲ್ಲವಲ್ಲ. ಧ್ವನಿ ಪೂರ್ತಿ ಹೋಯ್ತಾ?”

ಮಾವ ಅವಳನ್ನು ವಿಚಿತ್ರವಾಗಿ ನೋಡಿದರು. “ಯಾರು ಹೇಳಿದ್ದು? ಬೆಳಗ್ಗೆ ಚೆನ್ನಾಗೇ ಇರುತ್ತೆ. ಹನ್ನೊಂದರವರೆಗೂ ಪರವಾಗಿಲ್ಲ. ಉಪ್ಪುನೀರು ಮುಕ್ಕಳಿಸಿ, ಗಂಟಲಿಗೆ ಬಟ್ಟೆ ಸುತ್ಕೊಂಡು, ನನ್ನ ಹತ್ರ ಒಂದು ಮಾತಾಡಲ್ಲ. ಮೂರು ದಿನದಿಂದ ನನಗೆ ಕಾಫಿಗೂ ಕೈಸನ್ನೆ. ಯಾಕೆ ಅಂದ್ರೆ, ಗುಬ್ಬಿಗೆ ಉಳಿಸಿಟ್ಟಿದ್ದೀನಿ ಅಂತ ಸ್ಲೇಟಲ್ಲಿ ಬರೆದು ತೋರಿಸ್ತಾಳೆ.”

“ಮತ್ತೆ ನನ್ನ ಜೊತೆ…”

“ನಿನ್ನ ಕಿವೀಲಿ ಅದು ಇರುತ್ತಲ್ಲಮ್ಮ.” ಮಾವ ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದರು. “ಹೆಡ್‌ಸೆಟ್ ಹಾಕಿರೋರನ್ನ ಮಾತಾಡಿಸಬಾರದು. ಅವಳ ಶಾಸ್ತ್ರ ನಿನಗೆ ಗೊತ್ತಿಲ್ವಾ? ನೀನು ತೆಗೀತೀಯ ಅಂತ ಕಾಯ್ತಾಳೆ. ಕಾದು ಕಾದು ಹೊತ್ತು ಹೋಗುತ್ತೆ. ಗಾಡಿ ಡಿಪೋಗೆ.”

ಅವಳು ಲೋಟ ಕೆಳಗಿಟ್ಟಳು. ಕಿಟಕಿ ಪಕ್ಕದ ಮೇಜು ಇಲ್ಲಿಂದ ಕಾಣುತ್ತಿತ್ತು. ಎದುರಿನ ಕುರ್ಚಿ, ಅದರ ಕೆಳಗೆ ಎರಡು ಬೀನ್ಸ್ ನಾರು. ಬೆಂಚಿನ ಮೇಲೆ ಕೂತು ಕಾಯುತ್ತಿದ್ದವಳು ಯಾರು, ಈಗ ಕೂತಿರುವವಳು ಯಾರು. ಇಷ್ಟು ದೂರ ಬಂದದ್ದು ಕೇಳುವುದಕ್ಕೆ, ಮೂರು ಬೆಳಗೂ ಕಳೆದದ್ದು ಕಿವಿ ಮುಚ್ಚಿಕೊಂಡು. ಮ್ಯಾನೇಜರ್ ಬಾಯಿಬಿಟ್ಟು ಕೇಳಿದ್ದರು. ನೀವು ಸಿಗದೇ ಇರೋ ಹೊತ್ತು ಯಾವುದು ಎಂದು. ಕೊಡಲು ಸಿದ್ಧವಿದ್ದವರ ಮುಂದೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದಳು.

ಮೊದಲು ಮೈಕಕ್ಕನಿಗೆ ಫೋನ್ ಮಾಡಿದಳು. ಮೈಕಕ್ಕ ಮಧ್ಯಾಹ್ನದ ಪಾಳಿಯಲ್ಲಿದ್ದಳು, ಎರಡು ಸಲ ಕತ್ತರಿಸಿ ಮೂರನೇ ಸಲ ಎತ್ತಿದಳು.

“ಮೈಕಕ್ಕ, ನಾಳೆಯಿಂದ ಶನಿವಾರದವರೆಗೆ ನನ್ನ ಬೆಳಗಿನ ಪಾಳಿ ನೀನು ನೋಡ್ಕೋತೀಯಾ? ನಿನ್ನ ಮಧ್ಯಾಹ್ನದ್ದು ನಾನು ಮಾಡ್ತೀನಿ. ಹನ್ನೆರಡರಿಂದ ಒಂಬತ್ತು.”

“ಸಂಜೆಯೆಲ್ಲಾ ನಿನ್ನದೇ ಅಂದಿದ್ದೆ?”

ಅವಳು ಹೇಳಿದಳು. ಮೈಕಕ್ಕ ಹುಟ್ಟಿದ ಮೇಲೆ ಮೊದಲ ಬಾರಿಗೆ ಮೆಲ್ಲಗೆ ಮಾತಾಡಿದಳು.

“ಹುಚ್ಚಿ. ಹೊರಡೋ ಮುಂಚೆ ಇದನ್ನ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು? ನಾನು ಮಾಡ್ತೀನಿ. ಆದ್ರೆ ಬೆಳಗ್ಗೆ ಜನ ನನ್ನ ಧ್ವನಿ ಕೇಳಿ ಲಿಫ್ಟಲ್ಲೇ ಇರ್ತೀನಿ ಅಂದ್ರೆ ನನ್ನ ಕೇಳ್ಬೇಡ. ಸಾಹೇಬರಿಗೆ ನೀನೇ ಹೇಳ್ಬೇಕು ಮಾತ್ರ.”

ಆಮೇಲೆ ಮ್ಯಾನೇಜರಿಗೆ. ಜಗಲಿಯ ಕಂಬ ಹಿಡಿದುಕೊಂಡು ಮಾತಾಡಿದಳು.

“ಸರ್, ನಾನು ಅವತ್ತು ನಿಮಗೆ ಸರಿಯಾಗಿ ಹೇಳ್ಲಿಲ್ಲ. ಎಂಟರಿಂದ ಐದು ಸಿಗ್ತೀನಿ ಅಂದೆ. ನಾಳೆಯಿಂದ ಬೆಳಗ್ಗೆ ನಾನು ಸಿಗಲ್ಲ.”

“ಬೆಳಗ್ಗೇನಾ? ಬೆಳಗ್ಗೆ ತಾನೇ ನೀವು ಬೇಕಾಗಿರೋದು!”

“ಹೌದು ಸರ್. ಇಲ್ಲೂ ನಾನು ಬೇಕಾಗಿರೋದು ಬೆಳಗ್ಗೇನೇ.”

ಆ ಕಡೆ ಪೆನ್ನು ಉರುಳುವ ಸದ್ದು. ಅವಳು ಅತ್ತೆಯ ಗಂಟಲಿನ ವಿಷಯ ನಾಲ್ಕೇ ಮಾತಿನಲ್ಲಿ ಹೇಳಿದಳು. ‘ಮನೇಲಿ ಕೆಲಸ ಇದೆ’ ಎಂದಿದ್ದೆನಲ್ಲ, ಇದೇ ಆ ಕೆಲಸ ಎಂದಳು. ಮೈಕಕ್ಕ ಒಪ್ಪಿದ್ದಾಳೆ, ಬೆಳಗಿನ ಕಷ್ಟದ ಕರೆಗಳೆಲ್ಲ ಅವಳ ಮೇಜಿಗೆ ಹೋಗುವಂತೆ ಇವತ್ತೇ ಬದಲಾಯಿಸಿಡುತ್ತೇನೆ, ಯಾವ ಮೆಕ್ಯಾನಿಕ್ ಎಲ್ಲಿ ಎಂಬುದನ್ನೂ ಅವಳಿಗೆ ಒಪ್ಪಿಸುತ್ತೇನೆ ಎಂದಳು.

“ನಿಮ್ಮ ಅತ್ತೆ… ನೋಡಿ, ಮೊದಲೇ ಹೇಳಿದ್ರೆ ಸೋಮವಾರದಿಂದಲೇ ಮಾಡಬಹುದಿತ್ತಲ್ರೀ.” ಗದರಿಕೆಯಾಗಿರಲಿಲ್ಲ ಅದು. “ಬರೆದು ಕಳಿಸಿ. ಎಲ್ಲರಿಗೂ ಹೋಗಲಿ. ಇನ್ನೊಂದ್ ನಿಮಿಷ… ನಿಜಕ್ಕೂ ಏನಾದ್ರೂ ದೊಡ್ಡ ಅನಾಹುತ ಆದ್ರೆ?”

“ಯಾರಿಗಾದ್ರೂ ಪೆಟ್ಟಾಗಿದ್ರೆ ಮಾವನ ಫೋನಿಗೆ ಮಾಡಿ ಸರ್. ಅವರು ಬಂದು ಕರೀತಾರೆ. ಉಳಿದದ್ದಕ್ಕೆ ಹನ್ನೆರಡರ ಮೇಲೆ.”

ಜಗಲಿಯ ಮೆಟ್ಟಿಲ ಮೇಲೆ ಕೂತು ಬರೆದಳು.

‘ಗುರುವಾರದಿಂದ ಶನಿವಾರದವರೆಗೆ ಅತ್ತೆಯ ಊರಿನಿಂದಲೇ ಕೆಲಸ ಮಾಡುತ್ತೇನೆ. ನಾನು ಸಿಗುವ ಹೊತ್ತು ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಒಂಬತ್ತು. ಬೆಳಗ್ಗೆ ಸಿಗುವುದಿಲ್ಲ. ಆ ಹೊತ್ತಿನ ಕರೆಗಳನ್ನು ಮಧ್ಯಾಹ್ನದ ಪಾಳಿಯ ಹಿರಿಯರು ನೋಡಿಕೊಳ್ಳುತ್ತಾರೆ. ಯಾರಿಗಾದರೂ ಪೆಟ್ಟಾಗಿದ್ದರೆ ಮಾತ್ರ ಕೆಳಗಿನ ನಂಬರಿಗೆ ಮಾಡಿ.’

‘ಬೆಳಗ್ಗೆ ಸಿಗುವುದಿಲ್ಲ.’ ಎರಡು ಸಲ ಓದಿದಳು. ಎಷ್ಟು ಸಣ್ಣ ವಾಕ್ಯ. ಕೊನೆಗೆ ‘ದಯವಿಟ್ಟು ಕ್ಷಮಿಸಿ’ ಎಂದು ಸೇರಿಸಿದಳು, ಅಳಿಸಿದಳು, ಕಳಿಸಿದಳು. ‘ಸರಿ. ಅತ್ತೆಗೆ ನಮಸ್ಕಾರ ತಿಳಿಸಿ’ ಎಂದು ಮ್ಯಾನೇಜರಿಂದ ಉತ್ತರ ಬಂತು.

ಗುರುವಾರ ಬೆಳಗ್ಗೆ ಎದ್ದು ಮೇಜಿನ ಮೇಲಿನ ಹೆಡ್‌ಸೆಟ್ಟನ್ನು ಅದರ ಚೀಲಕ್ಕೆ ಹಾಕಿ ಜಿಪ್ ಎಳೆದಳು. ಅತ್ತೆ ಬುಟ್ಟಿಯೊಂದಿಗೆ ಬಂದು, ಖಾಲಿ ಮೇಜು ನೋಡಿ, ಬಾಗಿಲಲ್ಲೇ ನಿಂತಳು.

“ಇವತ್ತು ಡ್ಯೂಟಿ ಇಲ್ವಾ?”

ಒರಟಾಗಿತ್ತು, ಅಂಚುಗಳೆಲ್ಲ ಸವೆದಿದ್ದವು. ಆದರೂ ಅದೇ.

“ಹನ್ನೆರಡರ ಮೇಲೆ ಅತ್ತೆ. ಅಲ್ಲಿವರೆಗೂ ನಿಮ್ಮದು.”

“ಕೆಲಸ ಕಳ್ಕೊಂಡ್ಯಾ?”

“ಇಲ್ಲ, ಹೇಳಿ ಬಿಡಿಸ್ಕೊಂಡೆ.”

“ಮೂರು ದಿನ ಹೇಳೋಕಾಗ್ಲಿಲ್ವಾ ಕತ್ತೆ? ನಾನಿಲ್ಲಿ ಬೀನ್ಸ್ ನಾರು ತೆಗೆದೂ ತೆಗೆದೂ ಬೆರಳು ಹಸಿರಾಗೋಯ್ತು!”

ಬೈಗುಳ ಬಂದೇಬಿಟ್ಟಿತು. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದು, ಎರಡಕ್ಕೂ ದಾರಿಯಿಲ್ಲದೆ ಬಿಕ್ಕಳಿಕೆ ಹತ್ತಿತು. ಅತ್ತೆ ಬೆನ್ನು ಗುದ್ದಿದಳು. ಆಮೇಲೆ ಮಾತು. ಎಕ್ಸ್‌ಚೇಂಜಿನಲ್ಲಿ ಕದ್ದು ಕೇಳಿದ ಜಗಳಗಳು, ಮೂರು ನಿಮಿಷದಲ್ಲಿ ಮದುವೆ ನಿಶ್ಚಯವಾದದ್ದು, ಮೂರು ನಿಮಿಷದಲ್ಲಿ ಮುರಿದದ್ದು. ದಿನಾ ಒಂದೇ ನಂಬರು ಕೇಳಿ, ಆ ಕಡೆ ಎತ್ತಿದೊಡನೆ ಏನೂ ಹೇಳದೆ ಇಟ್ಟುಬಿಡುತ್ತಿದ್ದ ಮುದುಕ.

“ನಿನ್ನ ಮಾವ ಏನು ಕಡಿಮೆ? ಬಸ್‌ಸ್ಟ್ಯಾಂಡಿಂದ ಫೋನ್ ಮಾಡಿ, ಹಲೋ, ಮುಂದಿನ ಸ್ಟಾಪ್ ಯಾವುದು ಅಂತ ಕೇಳ್ತಿದ್ರು. ನನ್ನ ಧ್ವನಿ ಕೇಳೋಕೆ.”

“ಟಿಕೆಟ್ ಇಲ್ದೆ ಪ್ರಯಾಣ,” ಎಂದರು ಮಾವ ಒಳಗಿನಿಂದ. “ಕೊನೇಗೆ ಸಿಕ್ಕಿಬಿದ್ದೆ.”

“ನಿಮ್ಮಮ್ಮ ಇದ್ದಳಲ್ಲ,” ಎಂದಳು ಅತ್ತೆ, “ಅವಳಿಗೆ ನಗು ಬಂದ್ರೆ ಮೊದಲು ಕೂತ್ಕೋಬೇಕು. ನಿಂತ್ಕೊಂಡು ನಗೋಕೆ ಬರ್ತಿರಲಿಲ್ಲ. ಎಲ್ಲಿ ಅಂದ್ರಲ್ಲಿ ಕೂತ್ಬಿಡೋಳು, ಬೀದೀಲಿ ಕೂಡ.” ಹೇಳುತ್ತ ತಾನೇ ನಕ್ಕಳು. ನಗು ಅರ್ಧದಲ್ಲಿ ಒಡೆಯಿತು. ನೀರು ಗುಟುಕರಿಸಿ ಮತ್ತೆ ಶುರುಮಾಡಿದಳು.

ಅವಳ ಆಫೀಸಿನಲ್ಲಿ ಪ್ರತಿ ಕರೆಯೂ ತಾನಾಗಿಯೇ ದಾಖಲಾಗುತ್ತದೆ. ಅವಳ ಸಾವಿರಾರು ‘ಲೈನಲ್ಲೇ ಇರಿ’ಗಳು ಎಲ್ಲೋ ಭದ್ರವಾಗಿವೆ. ಫೋನನ್ನು ಮೇಜಿನ ಮೇಲಿಟ್ಟು ಕೇಳಿದಳು, “ರೆಕಾರ್ಡ್ ಮಾಡ್ಲಾ ಅತ್ತೆ?”

“ಮಾಡ್ಕೋ. ಆದ್ರೆ ಅದು ಕೇಳಿಸ್ಕೊಳ್ತಿದೆ ಅಂದ್ರೆ ನನಗೆ ಎಕ್ಸ್‌ಚೇಂಜಿನ ಧ್ವನಿ ಬಂದ್ಬಿಡುತ್ತೆ. ನೋಡು.” ಗಂಟಲು ಸರಿಮಾಡಿಕೊಂಡು, “ನಮಸ್ಕಾರ, ಯಾವ ನಂಬರ್ ಬೇಕಾಗಿತ್ತು?” ಎಂದಳು. ಮೂವರೂ ನಕ್ಕರು. ಅವಳು ಫೋನನ್ನು ತಿರುಗಿಸಿಟ್ಟಳು. ಬೇಕಾಗಿದ್ದದ್ದು ಆ ಧ್ವನಿ ಅಲ್ಲ.

ಗಡಿಯಾರ ಹನ್ನೊಂದರ ಹತ್ತಿರ ಬರುತ್ತಿದ್ದಂತೆ ಮಾತುಗಳು ತೆಳ್ಳಗಾದವು. ಹನ್ನೆರಡಕ್ಕೆ ಅವಳು ಹೆಡ್‌ಸೆಟ್ ಹಾಕಿಕೊಂಡಾಗ ಅತ್ತೆ ಎದುರಿಗೆ ಕೂರಲಿಲ್ಲ. ನಿಶ್ಚಿಂತೆಯಾಗಿ ಮಲಗಿ ನಿದ್ದೆ ಮಾಡಿದಳು. ಆದರೂ ಒಂದು ಉಳಿದಿತ್ತು. ಕತ್ತೆ ಎಂದಿದ್ದಳು, ಹುಡುಗಿ ಎಂದಿದ್ದಳು, ಕಣೇ ಎಂದಿದ್ದಳು. ಹೆಸರು ಕರೆದಿರಲಿಲ್ಲ. ಎದುರಿಗೇ ಕೂತವರನ್ನು ಯಾರು ಹೆಸರು ಹಿಡಿದು ಕರೆಯುತ್ತಾರೆ? ಕೇಳಿ ಹೇಳಿಸಿಕೊಳ್ಳುವುದಕ್ಕೆ ಅವಳಿಗೆ ಮನಸ್ಸಾಗಲಿಲ್ಲ. ಅದು ಕೇಳಿದರೆ ಬರುವುದಲ್ಲ.

ಶುಕ್ರವಾರ ಬೆಳಗ್ಗೆ ಅತ್ತೆ ಸ್ನಾನಕ್ಕೆ ಹೋಗಿದ್ದಾಗ ಫೋನ್ ಅಲುಗಿತು. ಮ್ಯಾನೇಜರ್. ಅವಳ ಕೈ ಯೋಚನೆಗೆ ಮುಂಚೆಯೇ ಎತ್ತಿಯಾಗಿತ್ತು, ಹದಿನೆಂಟು ವರ್ಷದ ಕೈ. ಯಾರಿಗಾದರೂ ಪೆಟ್ಟಾಯಿತೋ, ಮಾವನ ಫೋನ್ ಹತ್ತಲಿಲ್ಲವೋ ಎಂದುಕೊಂಡು ಜಗಲಿಗೆ ಬಂದಳು.

“ಯಾರಿಗೆ ಏನಾಯ್ತು ಸರ್?”

“ಏನಿಲ್ಲ, ಏನಿಲ್ಲ. ಎಲ್ಲಾ ಸರಿಯಾಗಿದೆ. ನಿಮ್ಮ ಹೊತ್ತಲ್ಲ ಅಂತ ಗೊತ್ತು, ಒಂದೇ ಒಂದು ಮಾತು. ಮುಂದಿನ ತಿಂಗಳ ಪಾಳಿ ಪಟ್ಟಿ ಇದೆಯಲ್ಲ, ಆ ಹೊಸ ಹುಡುಗೀನ ಭಾನುವಾರಕ್ಕೆ ಹಾಕೋಣ್ವೋ, ಬೇಡ್ವೋ?”

“ಹನ್ನೆರಡರ ಮೇಲೆ ನೋಡ್ತೀನಿ ಸರ್.”

“ಆಗ್ಲಿ ಆಗ್ಲಿ, ಅವಸರ ಇಲ್ಲ. ಇನ್ನೊಂದ್ ನಿಮಿಷ, ಆ ಹುಡುಗಿ ಏನಂತಾಳೆ ಗೊತ್ತಾ…”

ಅವಳು ಜಗಲಿಯ ತುದಿಯವರೆಗೆ ನಡೆದಿದ್ದಳು. ಕೆಳಗೆ ಅಂಗಡಿಯವನು ಬಾಗಿಲು ಮೇಲಕ್ಕೆ ಸರಿಸುತ್ತಿದ್ದ. ಒಳಗೆ ಬಚ್ಚಲ ಚಿಲಕ ತೆಗೆದ ಸದ್ದು. ಒದ್ದೆ ಪಾದಗಳು ಮೇಜಿನವರೆಗೆ ಬಂದು ನಿಂತವು. ಕುರ್ಚಿ ಖಾಲಿ, ಹೆಡ್‌ಸೆಟ್ ಚೀಲದೊಳಗೆ. ಎಲ್ಲಿ ಹೋದಳು ಇವಳು ಎಂದು ಸುತ್ತ ನೋಡಿರಬೇಕು.

“ಗುಬ್ಬೀ!”

ಕೊನೆಯ ಅಕ್ಷರದ ಹತ್ತಿರ ಅದು ಮೇಲಕ್ಕೆ ಹತ್ತಿತು. ಬಿರುಕು ಬಿಟ್ಟಿತ್ತು, ಆದರೂ ಹತ್ತಿತು. ಅಲ್ಲೊಂದು ಗಳಿಗೆ ನಿಂತು ನೋಡಿತು.

“…ನನಗೆ ಭಾನುವಾರ ಸಂಗೀತದ ಕ್ಲಾಸ್ ಇದೆ ಅಂತಾಳೆ. ಅಲ್ರೀ, ಲಿಫ್ಟಿಗೆ ಗೊತ್ತಾಗುತ್ತಾ ಸಂಗೀತದ ಕ್ಲಾಸು? ನೀವೇ ಹೇಳಿ. ಕೇಳಿಸ್ತಿದೆಯಾ? ಹಲೋ? ಲೈನಲ್ಲಿದ್ದೀರಾ?”

ಫೋನ್ ಜಗಲಿಯ ಕಟ್ಟೆಯ ಮೇಲಿತ್ತು, ಎಳೆಬಿಸಿಲಲ್ಲಿ. ಅವಳು ಆಗಲೇ ಒಳಗೆ ಹೋಗಿಯಾಗಿತ್ತು.